ಆಷಾಢದ ಹದಿಮೂರು ಕಂತುಗಳು

ಮೊಬೈಲಿನಲ್ಲಿ ನೋಡುವ ಒಂದು-ಒಂದೂವರೆ ನಿಮಿಷದ ಧಾರಾವಾಹಿಗಳು ಈಗ ಕನ್ನಡದಲ್ಲಿ ಹೊಸದಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಆಗ ಹದಿನೈದು ಸೆಕೆಂಡಿನ ತುಣುಕಾಗಿದ್ದದ್ದು ಬೆಳೆಯುತ್ತಾ ಹೋಗಿ, 2024ರ ಅಕ್ಟೋಬರ್ 15ರಿಂದ ಶಾರ್ಟ್ಸ್ ಮೂರು ನಿಮಿಷದವರೆಗೂ ಇರಬಹುದು ಎಂದಾಯಿತು. ಅಷ್ಟು ಹೊತ್ತು ಸಿಕ್ಕಿದ ಮೇಲೆ ಕಥೆ ಬಂತು, ಕಥೆಯ ಹಿಂದೆಯೇ ಅತ್ತೆ, ಸೊಸೆ, ಮೇಷ್ಟ್ರು, ಪಕ್ಕದ ಮನೆಯ ಆಂಟಿ ಎಲ್ಲರೂ ಬಂದರು. ಒಂದೇ ಪಾತ್ರಗಳು ವಾರಕ್ಕೆ ಎರಡು-ಮೂರು ಸಲ ಕಾಣಿಸಿಕೊಳ್ಳುತ್ತವೆ, ಹಬ್ಬ ಬಂದಾಗ ಹಬ್ಬ ಮಾಡುತ್ತವೆ, ಮಳೆ ಬಂದಾಗ ನೆನೆಯುತ್ತವೆ.

ಇಂಥ ಚಾನೆಲ್‌ಗಳು ಸಾಮಾನ್ಯವಾಗಿ ನಿಲ್ಲುವುದು ಕಥೆ ಇಲ್ಲದೆ ಅಲ್ಲ, ತಿಂಗಳ ಲೆಕ್ಕ ಇಲ್ಲದೆ. ಇವತ್ತಿನ ಕಂತನ್ನು ಇವತ್ತೇ ಬರೆದು, ನಾಳೆ ತೆಗೆದು, ನಾಡಿದ್ದು ಹಾಕುವ ತಂಡ ಎರಡನೇ ತಿಂಗಳಿಗೆ ಸುಸ್ತಾಗುತ್ತದೆ. ಅದಕ್ಕೇ ಈ ಕೆಲಸದಲ್ಲಿರುವವರು ಕಂಟೆಂಟ್ ಕ್ಯಾಲೆಂಡರ್ ಎಂಬುದನ್ನು ಮಾಡಿಕೊಳ್ಳುತ್ತಾರೆ: ಯಾವ ದಿನ ಯಾವ ಕಂತು, ಅದರಲ್ಲಿ ಯಾರ್‍ಯಾರು, ಅದನ್ನು ಎಲ್ಲಿ ಯಾವಾಗ ತೆಗೆಯುವುದು ಎಂಬ ಒಂದು ಹಾಳೆ. ಹಾಳೆ ಮಾಡುವುದು ಸುಲಭ. ಅದರಲ್ಲಿ ಏನನ್ನು ಬಿಗಿಯಾಗಿ ಕಟ್ಟಬೇಕು, ಏನನ್ನು ಸಡಿಲ ಬಿಡಬೇಕು ಎಂಬುದರಲ್ಲಿ ಇರುವುದು ನಿಜವಾದ ಕಸುಬು. ಒಂದು ತಿಂಗಳನ್ನು ತೆಗೆದುಕೊಂಡು ಅದನ್ನು ಬಿಡಿಸಿ ನೋಡಬಹುದು.

ಕಲ್ಪನೆಗೆ ಒಂದು ಚಾನೆಲ್ ಇರಲಿ. ಐದು ಜನರ ತಂಡ, ಒಂದು ಒಳ್ಳೆಯ ಫೋನು, ಕಾಲರಿಗೆ ಸಿಕ್ಕಿಸುವ ಎರಡು ಮೈಕು. ಪಾತ್ರಗಳು ನಾಲ್ಕು: ಮೈಸೂರಿನ ಅತ್ತೆ ಪದ್ಮಕ್ಕ, ಅವರ ಮಗ ಸುಮಂತ, ಈಗಷ್ಟೇ ಮದುವೆಯಾಗಿ ಬಂದ ಸೊಸೆ ಚೈತ್ರಾ, ಮಂಡ್ಯದಲ್ಲಿರುವ ಚೈತ್ರಾಳ ತಮ್ಮ ಗಗನ್. ತಿಂಗಳು ಆಷಾಢ, ವರ್ಷ 2026.

ಆಷಾಢವನ್ನೇ ಆರಿಸಲು ಕಾರಣವಿದೆ. ಸಂಕ್ರಾಂತಿ, ಯುಗಾದಿ, ದೀಪಾವಳಿಗಳಲ್ಲಿ ಹಬ್ಬ ಇದೆ, ಆದರೆ ಕಥೆ ತಾನಾಗಿ ಹುಟ್ಟುವುದಿಲ್ಲ. ಪಾತ್ರಗಳಿಗೆ ಹೊಸ ಬಟ್ಟೆ ತೊಡಿಸಿ, ಹಿನ್ನೆಲೆಗೆ ತೋರಣ ಕಟ್ಟಿ ಶುಭಾಶಯ ಹೇಳಿಸಿದರೆ ಅದು ಅಲಂಕಾರವಾಯಿತೇ ಹೊರತು ಕಂತಾಗಲಿಲ್ಲ. ಆಷಾಢ ಹಾಗಲ್ಲ. ಹಳೇ ಮೈಸೂರು ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣು ಈ ತಿಂಗಳು ತವರಿಗೆ ಹೋಗುತ್ತಾಳೆ. ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದು ಎನ್ನುತ್ತಾರೆ. ಈ ತಿಂಗಳಲ್ಲಿ ಗರ್ಭ ನಿಂತರೆ ಹೆರಿಗೆ ಬಿರುಬೇಸಿಗೆಗೆ ಬೀಳುತ್ತದೆಂದು ಹಿರಿಯರು ಕಾರಣ ಹೇಳುವುದುಂಟು. ಮದುವೆಗಳಿಲ್ಲ, ಗೃಹಪ್ರವೇಶಗಳಿಲ್ಲ. ಸೀರೆ ಅಂಗಡಿಗಳಲ್ಲಿ ಆಷಾಢ ಸೇಲ್. ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರದ ನೂಕುನುಗ್ಗಲು. ಕೊನೆಗೆ ಭೀಮನ ಅಮಾವಾಸ್ಯೆಯ ದಿನ ಗಂಡನ ಪಾದಪೂಜೆ, ಅಳಿಯ ಮಾವನ ಮನೆಗೆ ಬಂದು ಕೂರುವ ಸಂಭ್ರಮ. ಅಂದರೆ ತಿಂಗಳ ಮೊದಲ ದಿನ ಅಗಲಿಕೆ, ಕೊನೆಯ ದಿನ ಭೇಟಿ. ಕಥೆಗಾರ ಕೂತು ಹೆಣೆಯಬೇಕಾದ ಚೌಕಟ್ಟನ್ನು ಪಂಚಾಂಗವೇ ಹೆಣೆದುಕೊಟ್ಟಿದೆ.

ಆದ್ದರಿಂದ ಹಾಳೆಯ ಮೊದಲ ಗೆರೆ ಎಳೆಯುವಾಗ ಜುಲೈ ಒಂದರಿಂದ ಮೂವತ್ತೊಂದು ಎಂದು ಎಳೆಯಬಾರದು. ಇಂಗ್ಲಿಷ್ ತಿಂಗಳು ಬಾಡಿಗೆಗೆ, ಸಂಬಳಕ್ಕೆ ಸರಿ. ಪಾತ್ರಗಳು ಬದುಕುವುದು ಚಾಂದ್ರಮಾನದಲ್ಲಿ. 2026ರ ಆಷಾಢ ಜುಲೈ 15ರ ಬುಧವಾರ ಶುರುವಾಗಿ ಆಗಸ್ಟ್ 12ರ ಬುಧವಾರ ಭೀಮನ ಅಮಾವಾಸ್ಯೆಗೆ ಮುಗಿಯುತ್ತದೆ. ಒಟ್ಟು 29 ದಿನ. ಹಿಂದಿನ ವರ್ಷ ಇದೇ ಆಷಾಢ ಜೂನ್ 26ಕ್ಕೇ ಬಂದು ಜುಲೈ 24ಕ್ಕೆ ಮುಗಿದಿತ್ತು. ಚಾಂದ್ರಮಾನದ ವರ್ಷ ಸೌರಮಾನಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಆ ಕೊರತೆ ಸೇರಿ ಒಂದು ತಿಂಗಳಷ್ಟಾದಾಗ ಅಧಿಕ ಮಾಸ ಬರುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಹಾಗಾಗಿ ಮುಂದಿನ ಹಬ್ಬಗಳೆಲ್ಲ ಹಿಂದಕ್ಕೆ ಸರಿದವು. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಹೋದ ವರ್ಷದ ಹಾಳೆಯನ್ನು ನಕಲು ಮಾಡಿ ವಾರ ಬದಲಿಸಿಕೊಂಡ ಚಾನೆಲ್ ಈ ಅಧಿಕ ಮಾಸಕ್ಕೆ ಸಿಕ್ಕಿಬೀಳುತ್ತದೆ. ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನೋ ಒಂಟಿಕೊಪ್ಪಲ್ ಪಂಚಾಂಗವನ್ನೋ ಮುಂದಿಟ್ಟುಕೊಂಡು ಕೂತರೆ ಈ ತಪ್ಪು ಆಗುವುದಿಲ್ಲ.

ಊರೂ ಮುಖ್ಯ. ಇದೇ ಅಮಾವಾಸ್ಯೆ ಕರಾವಳಿಯಲ್ಲಿ ಆಟಿ ಅಮಾವಾಸ್ಯೆ. ಅಲ್ಲಿ ಬೆಳಗಿನ ಜಾವ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವ ದೊಡ್ಡ ಹಬ್ಬವೆಂದರೆ ಶ್ರಾವಣದ ನಾಗರ ಪಂಚಮಿ. ಉಂಡಿ, ಜೋಕಾಲಿ ಎಲ್ಲ ಅಲ್ಲಿವೆ. ಎಲ್ಲ ಕನ್ನಡಿಗರಿಗೂ ಒಟ್ಟಿಗೆ ಒಪ್ಪಿಸುವ ಆಸೆಯಿಂದ ಪದ್ಮಕ್ಕನ ಮನೆಯಲ್ಲಿ ಇವನ್ನೆಲ್ಲ ತಂದು ಸುರಿದರೆ ಪದ್ಮಕ್ಕ ಯಾವ ಊರಿನವರೂ ಅಲ್ಲವಾಗುತ್ತಾರೆ. ಈ ಚಾನೆಲ್ಲಿನ ಪಾತ್ರಗಳು ಮೈಸೂರು-ಮಂಡ್ಯದವು ಎಂದು ಮೊದಲೇ ತೀರ್ಮಾನಿಸಿ, ಹಾಳೆಯ ತಲೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ದಿನಗಳು. ವಾರಕ್ಕೆ ಮೂರು ಕಂತು: ಬುಧವಾರ, ಶುಕ್ರವಾರ, ಭಾನುವಾರ. ಜುಲೈ 15ರಿಂದ ಆಗಸ್ಟ್ 12ರವರೆಗೆ ಐದು ಬುಧವಾರ, ನಾಲ್ಕು ಶುಕ್ರವಾರ, ನಾಲ್ಕು ಭಾನುವಾರ. ಒಟ್ಟು ಹದಿಮೂರು ಕಂತು. ಮೊದಲ ದಿನವೂ ಬುಧವಾರ, ಕೊನೆಯ ದಿನವೂ ಬುಧವಾರ. ಆಷಾಢ ಶುಕ್ರವಾರಗಳು ನಾಲ್ಕೂ ಹಾಳೆಯಲ್ಲಿ ತಾವಾಗಿ ಬಂದು ಕೂತಿವೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ. ಹದಿಮೂರು ಕಂತನ್ನೂ ಒಂದೇ ಕಥೆಯ ಹದಿಮೂರು ತುಂಡುಗಳಾಗಿ ಬರೆಯುತ್ತಾರೆ. ಟಿವಿ ಧಾರಾವಾಹಿಗೆ ಅದು ನಡೆಯುತ್ತದೆ, ಏಕೆಂದರೆ ನೋಡುವವರು ಅದೇ ಹೊತ್ತಿಗೆ ಅದೇ ಚಾನೆಲ್ ಹಾಕಿಕೊಂಡು ಕೂರುತ್ತಾರೆ. ಶಾರ್ಟ್ಸ್ ನೋಡುವವರು ಹಾಗೆ ಬರುವುದಿಲ್ಲ. ಬೆರಳು ಜಾರಿಸುತ್ತಾ ಹೋಗುವವರ ಮುಂದೆ ಆರನೇ ಕಂತು ಮೊದಲು ಬೀಳಬಹುದು. ಮೊದಲನೆಯದು ಎರಡು ವಾರ ಬಿಟ್ಟು ಕಾಣಬಹುದು. ಮೂರನೆಯದು ಕಾಣದೇ ಇರಬಹುದು. ಮಧ್ಯದ ತುಂಡು ಕೈಗೆ ಸಿಕ್ಕವರಿಗೆ ತಲೆಬುಡ ತಿಳಿಯದು, ಜಾರಿಸಿಬಿಡುತ್ತಾರೆ. ಹಾಗೆಂದು ಪ್ರತಿ ಕಂತನ್ನೂ ಬಿಡಿಬಿಡಿ ನಗೆಹನಿ ಮಾಡಿದರೆ ನಾಳೆ ಮತ್ತೆ ಬರಲು ಯಾರಿಗೂ ಕಾರಣವಿರುವುದಿಲ್ಲ.

ಹೀಗಾಗಿ ವಾರದ ಮೂರು ದಿನಗಳಿಗೆ ಮೂರು ಬೇರೆ ಕೆಲಸ ಹಚ್ಚುವುದು ಜಾಣತನ. ಬುಧವಾರದ ಕಂತು ಮಾತ್ರ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ಶುಕ್ರವಾರದ ಕಂತು ತಿಂಗಳಿನದು. ಬೆಟ್ಟ, ಸೇಲ್, ಮಳೆ ಇವು ಅಲ್ಲಿ ಬರುತ್ತವೆ, ಅದು ಅಲ್ಲಿಗೇ ಮುಗಿಯುತ್ತದೆ. ಭಾನುವಾರದ ಕಂತು ಪಾತ್ರದ್ದು. ಯಾರಾದರೂ ಒಬ್ಬರ ಸ್ವಭಾವದ ಮೇಲೆ ನಡೆಯುವ ಸಣ್ಣ ತಮಾಷೆ, ಅದೂ ಅಲ್ಲಿಗೇ ಪೂರ್ತಿ. ಐದು ಬುಧವಾರಗಳನ್ನು ಮಾತ್ರ ನೋಡಿದವರಿಗೆ ಕಥೆ ಇಡಿಯಾಗಿ ಸಿಗಬೇಕು. ಒಂದೇ ಒಂದು ಶುಕ್ರವಾರ ನೋಡಿದವರಿಗೆ ಆ ಒಂದು ಕಂತು ಇಡಿಯಾಗಿ ಸಿಗಬೇಕು. ಹಾಳೆ ಸರಿಯಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಬಹುದಾದ ಪರೀಕ್ಷೆ ಇಲ್ಲ: ಶುಕ್ರವಾರ-ಭಾನುವಾರದ ಸಾಲುಗಳನ್ನು ಕೈಯಿಂದ ಮುಚ್ಚಿ ಬುಧವಾರಗಳನ್ನಷ್ಟೇ ಓದುವುದು. ಕಥೆ ಎಲ್ಲೋ ಕಡಿದರೆ ಬಿಡಿ ಕಂತೊಂದರಲ್ಲಿ ಕಥೆಯ ಮುಖ್ಯ ಸಂಗತಿ ಸೇರಿಹೋಗಿದೆ ಎಂದರ್ಥ.

ಬುಧವಾರದ ಎಳೆಗೆ ಒಂದು ವಸ್ತು ಬೇಕು, ಕಣ್ಣಿಗೆ ಕಾಣುವಂಥದ್ದು. ಮನಸ್ತಾಪ, ಅನುಮಾನ, ನಿರೀಕ್ಷೆ ಇವನ್ನು ಎಪ್ಪತ್ತೈದು ಸೆಕೆಂಡಿನಲ್ಲಿ ಹೊಸಬರಿಗೆ ವಿವರಿಸಲು ಆಗದು. ಕೈಯಲ್ಲಿ ಹಿಡಿಯಬಹುದಾದ ವಸ್ತುವನ್ನು ಮೂರು ಸೆಕೆಂಡಿನಲ್ಲಿ ತೋರಿಸಬಹುದು. ಈ ತಿಂಗಳ ವಸ್ತು ಪದ್ಮಕ್ಕನ ಬೀರುವಿನ ಬೀಗದ ಕೈ, ಅದಕ್ಕೊಂದು ಕೆಂಪು ದಾರ.

ಜುಲೈ 15: ಚೈತ್ರಾ ತವರಿಗೆ ಹೊರಟಿದ್ದಾಳೆ. ಪದ್ಮಕ್ಕ ಬ್ಯಾಗಿಗೆ ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ತುಂಬುತ್ತಲೇ ಇದ್ದಾರೆ. ಬಸ್ಸು ಹತ್ತಿದ ಮೇಲೆ ಕೊನೆಯ ಶಾಟಿನಲ್ಲಿ ಬ್ಯಾಗಿನ ಬದಿಯ ಜೇಬಿನಿಂದ ಕೆಂಪು ದಾರ ಇಣುಕುತ್ತದೆ. ಜುಲೈ 22: "ಲೋ ಸುಮಂತ, ಬೀರು ಕೀ ನೋಡಿದ್ಯೇನೋ?" ಎಂಬ ಕೂಗಿನಿಂದ ಕಂತು ಶುರು. ಮನೆಯೆಲ್ಲ ಹುಡುಕಿ, ಮಂಡ್ಯಕ್ಕೆ ಫೋನು ಮಾಡಿದಾಗ ಅದು ಅಲ್ಲಿದೆ ಎಂದು ತಿಳಿಯುತ್ತದೆ. ಅತ್ತೆ ಹೋಗಿ ತರುವಂತಿಲ್ಲ, ಆಷಾಢ. ಮಗ ಹೋಗಬೇಕು. ಜುಲೈ 29: ಸುಮಂತ ಸಂಜೆಯ ಟ್ರೈನು ಹಿಡಿದು ಮಂಡ್ಯಕ್ಕೆ ಹೋಗಿ, ಹೆಂಡತಿ ಜೊತೆ ಮಾತಾಡುತ್ತಾ ಕೂತು, ಕೀ ಮರೆತು ವಾಪಸ್ಸಾಗುತ್ತಾನೆ. ಆಗಸ್ಟ್ 5: ಮತ್ತೆ ಹೋಗುತ್ತಾನೆ. ಈ ಸಲ ಚೈತ್ರಾ ಕೀ ಕೈಗೆತ್ತಿಕೊಂಡು ದಾರ ನೋಡುತ್ತಾಳೆ. ಅದು ಜೇಬಿನ ಒಳಗಿನ ಕುಣಿಕೆಗೆ ಬಿಗಿಯಾಗಿ ಗಂಟು ಹಾಕಿದ್ದು. ಬಿದ್ದು ಬಂದದ್ದಲ್ಲ, ಯಾರೋ ಕಟ್ಟಿ ಇಟ್ಟದ್ದು. ಆಗಸ್ಟ್ 12: ಭೀಮನ ಅಮಾವಾಸ್ಯೆ. ಮಂಡ್ಯದ ಮನೆಯಲ್ಲಿ ಅಳಿಯ ಕೂತಿದ್ದಾನೆ, ಪದ್ಮಕ್ಕನ ಫೋನು. ಬೀಗದ ಕೈ ಅಲ್ಲೇ ಇರಲಿ, ಅವರ ಬಳಿ ಇನ್ನೊಂದಿದೆ. ಮಗನಿಗೆ ಹೆಂಡತಿಯನ್ನು ನೋಡಿ ಬರಲು ನೆಪ ಬೇಕಿತ್ತಲ್ಲ ಎನ್ನುವಾಗ ಕಥೆ ಮುಗಿಯುತ್ತದೆ.

ಗಮನಿಸಬೇಕಾದ್ದು ಒಂದು: ಈ ಐದೂ ಕಂತುಗಳು ಆಷಾಢದಿಂದಲೇ ಸಾಧ್ಯ. ಅತ್ತೆ ಹೋಗಿ ತರುವಂತಿಲ್ಲ ಎಂಬ ಕಟ್ಟಳೆ ಇಲ್ಲದಿದ್ದರೆ ಕಥೆ ಎರಡನೇ ಕಂತಿಗೇ ಬಿದ್ದುಹೋಗುತ್ತಿತ್ತು. ತಿಂಗಳನ್ನು ತೆಗೆದುಹಾಕಿದರೆ ಕಥೆ ನಿಲ್ಲಬಾರದು. ಋತುವಿನ ವಸ್ತು ಕಥೆಯೊಳಗೆ ನಿಜವಾಗಿ ಇಳಿದಿದೆ ಎಂದು ಆಗ ಗೊತ್ತಾಗುತ್ತದೆ.

ಬಿಡಿ ಕಂತುಗಳಲ್ಲಿ ಜುಲೈ 17ರದು ಮೊದಲ ಆಷಾಢ ಶುಕ್ರವಾರ, ಪದ್ಮಕ್ಕನ ಬೆಟ್ಟದ ಯಾತ್ರೆ. ಅದನ್ನು ಬೆಟ್ಟದಲ್ಲೇ ತೆಗೆಯುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಆ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಖಾಸಗಿ ವಾಹನಗಳನ್ನು ಕೆಳಗೇ ತಡೆಯುತ್ತಾರೆ, ಸರದಿಯಲ್ಲಿ ನಿಂತವರ ಮುಖ ಅವರ ಒಪ್ಪಿಗೆಯಿಲ್ಲದೆ ವಿಡಿಯೊಗೆ ಬೀಳುತ್ತದೆ. ಬೇಡ. ಪದ್ಮಕ್ಕ ಬೆಟ್ಟದಿಂದ ಹಿಂದಿರುಗಿ, ಕಾಲು ಚಾಚಿ ಕೂತು, ಎದುರು ಮನೆಯವರಿಗೆ ಪ್ರಸಾದ ಕೊಡುತ್ತಾ ಸರದಿಯ ಕಥೆ ಹೇಳಿದರೆ ಸಾಕು. ಜುಲೈ 24ರದು ಆಷಾಢ ಸೇಲ್. ಜುಲೈ 31ರದು ಮಳೆಯದು: ಮಂಡ್ಯದ ಮನೆಯ ಹಾಲಿನ ತುಂಬ ಹಗ್ಗ, ಹಗ್ಗದ ತುಂಬ ಒಣಗದ ಬಟ್ಟೆ, ಅವುಗಳ ನಡುವೆ ಬಗ್ಗಿ ಬಗ್ಗಿ ಓಡಾಡುವ ಗಗನ್. ಆಗಸ್ಟ್ 7ರದು ಪದ್ಮಕ್ಕ ಒಬ್ಬರೇ ಮನೆಯಲ್ಲಿರುವುದು.

ಈಗ ಶೂಟಿಂಗ್. ಹದಿಮೂರರಲ್ಲಿ ಹನ್ನೊಂದನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು, ಎರಡನ್ನು ಬಿಡಬೇಕು; ಆ ಎರಡರ ಮಾತು ಮುಂದೆ ಬರುತ್ತದೆ. ಯಾವಾಗ ತೆಗೆಯುವುದು? ಸಣ್ಣ ಊರುಗಳಲ್ಲಿ ಕ್ಯಾಮೆರಾ, ಎಡಿಟಿಂಗ್ ಬಲ್ಲವರು ಹೆಚ್ಚಾಗಿ ಮದುವೆ ವಿಡಿಯೊ ಮಾಡುವವರೇ. ಮುಹೂರ್ತಗಳಿರುವ ದಿನಗಳಲ್ಲಿ ಅವರು ಸಿಗುವುದಿಲ್ಲ. 2026ರಲ್ಲಿ ಜೂನ್ 16ರಿಂದ ಜುಲೈ 14ರವರೆಗೆ ನಿಜ ಜ್ಯೇಷ್ಠ. ಅಧಿಕ ಮಾಸಕ್ಕೆಂದು ಕಾದಿದ್ದ ಮದುವೆಗಳು, ಆಷಾಢಕ್ಕೆ ಮುನ್ನ ಮುಗಿಸಬೇಕಾದ ಮದುವೆಗಳು ಎಲ್ಲ ಆ ನಾಲ್ಕು ವಾರಕ್ಕೆ ಬೀಳುತ್ತವೆ. ಅದಕ್ಕೂ ಮುಂಚಿನ ಅಧಿಕ ಮಾಸದಲ್ಲಿ ಅವರಿಗೆ ಬಿಡುವು. ಆದ್ದರಿಂದ ಜೂನ್ 7 ಮತ್ತು 14ರ ಎರಡು ಭಾನುವಾರಗಳು ಶೂಟಿಂಗಿಗೆ. ಅಂದರೆ ಮೇ ಕೊನೆಯ ಹೊತ್ತಿಗೆ ಹನ್ನೊಂದೂ ಸ್ಕ್ರಿಪ್ಟು ಮುಗಿದಿರಬೇಕು. ಪ್ರತಿಯೊಂದೂ ಒಂದು ಪುಟ ಮೀರಬಾರದು.

ತೆಗೆಯುವಾಗ ಕಂತಿನ ಕ್ರಮ ಬೇಡ, ಮನೆಯ ಕ್ರಮ ಬೇಕು. ಜೂನ್ 7ಕ್ಕೆ ಮೈಸೂರಿನ ಮನೆಯಲ್ಲಿ ನಡೆಯುವುದೆಲ್ಲ: 15, 17, 22, 24ರ ಕಂತುಗಳು, ಆಗಸ್ಟ್ 7ರದು, ಜೊತೆಗೆ ಪದ್ಮಕ್ಕ ಒಬ್ಬರೇ ಇರುವ ಒಂದು ಹೆಚ್ಚುವರಿ ಕಂತು. ಯಾರಿಗಾದರೂ ಜ್ವರ ಬಂದರೆ, ಎಡಿಟ್ ಮಾಡಿದ ಫೈಲು ಹಾಳಾದರೆ ಆ ದಿನಕ್ಕೆ ಅದು ಒದಗುತ್ತದೆ. ಅದರಲ್ಲಿ ದಿನಾಂಕ, ಹಬ್ಬ, ಬೀಗದ ಕೈ ಯಾವುದೂ ಬರಬಾರದು, ಎಲ್ಲಿ ಬೇಕಾದರೂ ಕೂರುವಂತಿರಬೇಕು. ಜೂನ್ 14ಕ್ಕೆ ಮಂಡ್ಯದ ಮನೆ: ಗಗನನ ಭಾನುವಾರ, ಸುಮಂತನ ಎರಡು ಭೇಟಿ, ಮಳೆಯ ಬಟ್ಟೆ, ಹಬ್ಬದ ತಯಾರಿ, ಕೊನೆಯ ಕಂತು. ದಿನಕ್ಕೆ ಆರು ಕಂತು, ಒಂದೊಂದು ಎಪ್ಪತ್ತೈದು ಸೆಕೆಂಡಿನ ಸುಮಾರು. ಬಿಗಿಯಾದ ಲೆಕ್ಕವೇ, ಆದರೆ ಒಂದೇ ಮನೆ, ಒಂದೇ ಬೆಳಕು, ಮೂರೇ ಜನ ಇದ್ದಾಗ ಆಗುತ್ತದೆ.

ಈ ಕ್ರಮದಲ್ಲಿ ತೊಡಕು ಹುಟ್ಟುವುದು ಫೋನು ಮಾತುಕತೆಗಳಲ್ಲಿ. 22ರ ಕಂತಿನಲ್ಲಿ ಪದ್ಮಕ್ಕ ಮೈಸೂರಿನಿಂದ ಮಾತಾಡುತ್ತಾರೆ, ಚೈತ್ರಾ ಮಂಡ್ಯದಿಂದ. ಒಂದು ಬದಿ ಜೂನ್ 7ಕ್ಕೆ, ಇನ್ನೊಂದು 14ಕ್ಕೆ. ಮೊದಲ ದಿನ ನಟಿ ಮಾತು ಬದಲಿಸಿಬಿಟ್ಟರೆ ಎರಡನೇ ದಿನದ ಉತ್ತರ ಹೊಂದುವುದಿಲ್ಲ. ಫೋನಿನ ದೃಶ್ಯಗಳಲ್ಲಿ ಮಾತ್ರ ಸ್ಕ್ರಿಪ್ಟಿನಿಂದ ಒಂದು ಪದವೂ ಆಚೀಚೆ ಆಗಬಾರದು, ಕ್ಯಾಮೆರಾ ಹಿಂದೆ ಯಾರಾದರೂ ಎದುರು ಬದಿಯ ಮಾತನ್ನು ಓದಿ ಹೇಳಬೇಕು. ಕೊನೆಯ ಕಂತಿನ ಪದ್ಮಕ್ಕನ ಫೋನು ದನಿಯೂ ಜೂನ್ 7ಕ್ಕೇ ರೆಕಾರ್ಡ್ ಆಗಬೇಕು, ಏಕೆಂದರೆ ಅವರು ಮಂಡ್ಯದ ಶೂಟಿಂಗಿಗೆ ಬರುವುದೇ ಇಲ್ಲ.

ಇನ್ನೊಂದು ತೊಡಕು ಕೈಯ ಮೇಲಿನದು, ನಿಜಕ್ಕೂ ಕೈಯ ಮೇಲಿನದು. ಮದುವೆಯ ಮೆಹಂದಿ ಹತ್ತು-ಹದಿನೈದು ದಿನಕ್ಕೆ ಮಾಸಿಹೋಗುತ್ತದೆ. ಚೈತ್ರಾಳ ಮದುವೆ ಜೂನ್ ಕೊನೆಯಲ್ಲಾಯಿತು ಎಂದಿಟ್ಟುಕೊಂಡರೆ ಜುಲೈ 15ಕ್ಕೆ ಅವಳ ಅಂಗೈಯಲ್ಲಿ ತೆಳು ಕಿತ್ತಳೆ ಬಣ್ಣ, ಉಗುರಿನ ತುದಿಯಲ್ಲಷ್ಟೇ ಗಾಢ. 22ರ ಹೊತ್ತಿಗೆ ಅಂಗೈ ಖಾಲಿ. ಆಗಸ್ಟ್ 12ಕ್ಕೆ ಹಬ್ಬಕ್ಕೆಂದು ಹೊಸ ಮೆಹಂದಿ. ಆದರೆ ಶೂಟಿಂಗ್ ನಡೆಯುವುದು ಎರಡೇ ದಿನ! ಬೀಗದ ಕೈಯನ್ನು ಹತ್ತಿರದಿಂದ ತೋರಿಸುವ ಪ್ರತಿ ಶಾಟಿನಲ್ಲೂ ಆ ಅಂಗೈ ಪರದೆ ತುಂಬುತ್ತದೆ. ಪರಿಹಾರ ಹಾಳೆಯಲ್ಲೇ ಸಿಗಬೇಕು. ಜೂನ್ 7ಕ್ಕೆ 15ರ ಕಂತನ್ನು ತೆಗೆಯುವಾಗ ಚೈತ್ರಾಳ ಕೈ ಹತ್ತಿರದಿಂದ ಬೇಡ, ಬ್ಯಾಗು ಮಾತ್ರ ಸಾಕು. ಜೂನ್ 14ಕ್ಕೆ ಬೆಳಗ್ಗೆ ಖಾಲಿ ಅಂಗೈಯ ಐದು ಕಂತು ಮುಗಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಮೆಹಂದಿ ಹಚ್ಚಿ, ಸಂಜೆ ಕೊನೆಯ ಕಂತು. ಹಸಿ ಮೆಹಂದಿ ಎರಡು-ಮೂರು ಗಂಟೆಗೆ ಕಿತ್ತಳೆಗೆ ತಿರುಗುತ್ತದೆ, ಪೂರ್ತಿ ಕೆಂಪಾಗಲು ಮಾರನೇ ದಿನ ಬೇಕು. ಪರದೆಗೆ ಕಿತ್ತಳೆ ಸಾಕು. ಹೀಗೆ ಪ್ರತಿ ಕಂತಿನ ಸಾಲಿನಲ್ಲೂ ಬಟ್ಟೆ, ಬಳೆ, ಮೆಹಂದಿ, ಕೀ ಯಾರ ಬಳಿ ಇದೆ ಎಂದು ಬರೆದಿಡಲು ಒಂದು ಅಂಕಣ ಬೇಕು. ಸಿನಿಮಾದವರು ಇದನ್ನು ಕಂಟಿನ್ಯುಟಿ ಎನ್ನುತ್ತಾರೆ. ಚಿಕ್ಕ ವಿಡಿಯೊದಲ್ಲಿ ಇದು ಇನ್ನೂ ಕಠಿಣ, ಏಕೆಂದರೆ ನೋಡುಗರು ಹದಿಮೂರು ಕಂತನ್ನೂ ಒಂದೇ ರಾತ್ರಿ ಒಟ್ಟಿಗೆ ನೋಡಿ, ತಪ್ಪನ್ನು ಕಮೆಂಟಿನಲ್ಲಿ ಬರೆಯುತ್ತಾರೆ.

ಬಿಟ್ಟ ಎರಡು ಕಂತುಗಳು ಜುಲೈ 26 ಮತ್ತು ಆಗಸ್ಟ್ 2ರ ಭಾನುವಾರಗಳು. ಈ ಎರಡು ಮನೆಗಳಲ್ಲಿ ಏನೂ ಬರೆಯದೆ ಖಾಲಿ ಬಿಡಬೇಕು. ಮೊದಲ ವಾರದ ಮೂರು ಕಂತು ಹೋದ ಮೇಲೆ ಜನ ಯಾವ ಪಾತ್ರವನ್ನು ಹಿಡಿದುಕೊಂಡರು ಎಂಬುದು ತಿಳಿಯುತ್ತದೆ. ತಂಡ ಚೈತ್ರಾ-ಸುಮಂತರನ್ನು ನಾಯಕ-ನಾಯಕಿ ಎಂದುಕೊಂಡಿರಬಹುದು, ಜನ ಗಗನನ ಬಗ್ಗೆ ಕೇಳುತ್ತಿರಬಹುದು. ಜುಲೈ 20ರ ಸೋಮವಾರ ಕೂತು ತೀರ್ಮಾನಿಸಿ, ಮಧ್ಯೆ ಒಂದು ದಿನ ತೆಗೆದು, ಭಾನುವಾರ ಹಾಕಬಹುದು. ಆ ಹೊತ್ತಿಗೆ ಆಷಾಢ. ಮದುವೆ ವಿಡಿಯೊದವರಿಗೂ ಬಿಡುವು. ಆದರೆ ಜನ ಕೇಳಿದರೆಂದು ಬುಧವಾರದ ಎಳೆಯನ್ನು ಬದಲಿಸಬಾರದು. ಅದು ಆಗಲೇ ತೆಗೆದಿಟ್ಟ ಕಥೆ; ನಡುವೆ ಕೈ ಹಾಕಿದರೆ ಗಂಟು ಬಿಚ್ಚಿ ಎಲ್ಲ ಕಂತೂ ಮತ್ತೆ ತೆಗೆಯಬೇಕಾಗುತ್ತದೆ.

ಪಾತ್ರದ ಭಾನುವಾರಗಳಿಗೆ ಒಳ್ಳೆಯ ಪಾಠ ನಮ್ಮ ಟಿವಿಯಲ್ಲೇ ಇದೆ. ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಮಾಡಿದ 'ಪಾಪಾ ಪಾಂಡು'ವಿನಲ್ಲಿ ಪಾಂಡು ಪಾಂಡುವೇ, ಶ್ರೀಮತಿ ಶ್ರೀಮತಿಯೇ. ಸನ್ನಿವೇಶ ದಿನವೂ ಬದಲಾಗುತ್ತಿತ್ತು, ಸ್ವಭಾವ ಬದಲಾಗುತ್ತಿರಲಿಲ್ಲ. ಯಾವ ದಿನ ಟಿವಿ ಹಾಕಿದರೂ ಎರಡು ನಿಮಿಷದಲ್ಲಿ ಯಾರು ಹೇಗೆ ಎಂದು ತಿಳಿಯುತ್ತಿತ್ತು. ಪದ್ಮಕ್ಕ ಏನನ್ನಾದರೂ ಕೊಡದೆ ಯಾರನ್ನೂ ಕಳಿಸುವುದಿಲ್ಲ. ಗಗನ್ ತನ್ನ ರೂಮು ಬಿಟ್ಟುಕೊಡುವುದಿಲ್ಲ. ಒಂದೊಂದು ಪಾತ್ರಕ್ಕೆ ಇಂಥ ಒಂದೇ ವಾಕ್ಯ ಹಾಳೆಯ ಮೇಲ್ಭಾಗದಲ್ಲಿ ಇರಬೇಕು.

ಕಾಲದ ವಿಚಾರಕ್ಕೆ ಜಪಾನಿನ ಉದಾಹರಣೆಯೊಂದನ್ನು ನೋಡಬೇಕು. 'ಸಾಝಾಏ-ಸಾನ್' ಎಂಬ ಅನಿಮೇಷನ್ ಧಾರಾವಾಹಿ 1969ರ ಅಕ್ಟೋಬರ್‌ನಿಂದ ಅಲ್ಲಿ ಪ್ರತಿ ಭಾನುವಾರ ಸಂಜೆ ಬರುತ್ತಿದೆ. ಒಂದು ಸಂಚಿಕೆಯಲ್ಲಿ ಮೂರು ಚಿಕ್ಕ ಕಥೆ. ಮಳೆಗಾಲ ಬಂದರೆ ಅವರ ಮನೆಯಲ್ಲೂ ಮಳೆ, ಹೊಸ ವರ್ಷ ಬಂದರೆ ಹೊಸ ವರ್ಷ. ಆದರೆ ಯಾರಿಗೂ ವಯಸ್ಸಾಗುವುದಿಲ್ಲ. ಐವತ್ತು ವರ್ಷ ದಾಟಿದರೂ ಹುಡುಗ ಇನ್ನೂ ಹುಡುಗ. ಹಾಗಾಗಿ ಅದೇ ಋತುಗಳನ್ನು ಅವರು ಎಷ್ಟು ಸಲವಾದರೂ ಬಳಸಬಹುದು. ನಮ್ಮ ಚಾನೆಲ್ಲಿಗೆ ಆ ಸೌಲಭ್ಯವಿಲ್ಲ. ಹೆಣ್ಣಿಗೆ ಮೊದಲ ಆಷಾಢ ಒಮ್ಮೆ ಮಾತ್ರ ಬರುತ್ತದೆ. 2027ರಲ್ಲೂ ಚೈತ್ರಾ ತವರಿಗೆ ಹೊರಟರೆ ನೋಡುವವರು ಒಪ್ಪುವುದಿಲ್ಲ. ಭೀಮನ ಅಮಾವಾಸ್ಯೆ ಉಳಿಯುತ್ತದೆ, ಅದನ್ನು ಸಾಮಾನ್ಯವಾಗಿ ಒಂಬತ್ತು ವರ್ಷ ಮಾಡುತ್ತಾರೆ. ಪಾತ್ರಗಳಿಗೆ ವಯಸ್ಸಾಗುತ್ತದೆಯೇ ಇಲ್ಲವೇ ಎಂಬುದನ್ನು ಮೊದಲ ತಿಂಗಳಲ್ಲೇ ತೀರ್ಮಾನಿಸದ ಚಾನೆಲ್ ಎರಡನೇ ವರ್ಷಕ್ಕೆ ಕಷ್ಟಪಡುತ್ತದೆ.

ಹಬ್ಬದ ಕಂತನ್ನು ಯಾವ ದಿನ ಹಾಕಬೇಕು ಎಂಬುದರಲ್ಲೂ ಎಚ್ಚರ ಬೇಕು. ಹಬ್ಬದ ದಿನವೇ ಹಾಕುವುದು ಸಹಜವೆನಿಸುತ್ತದೆ. ಆದರೆ ಶಾರ್ಟ್ಸ್ ಅಂದೇ ಎಲ್ಲರಿಗೂ ತಲುಪುವುದಿಲ್ಲ. ಅದು ಹರಡಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಹಬ್ಬ ಮುಗಿದು ನಾಲ್ಕು ದಿನಕ್ಕೆ ಹಬ್ಬದ ತಯಾರಿಯ ವಿಡಿಯೊ ಕಂಡರೆ ಯಾರು ನೋಡುತ್ತಾರೆ? ಅದಕ್ಕೇ ಕಡುಬು, ಪೂಜೆಯ ಸಾಮಾನು, ಭಂಡಾರ ಒಡೆಯುವುದು ಇವೆಲ್ಲ ಇರುವ ಕಂತು ಆಗಸ್ಟ್ 9ರ ಭಾನುವಾರಕ್ಕೆ. ಭಂಡಾರವೆಂದರೆ ಕಾಸು ಇಟ್ಟು ಮಾಡಿದ ಕಡುಬು; ಹೊಸಿಲ ಮೇಲೆ ಇಟ್ಟಿದ್ದನ್ನು ಅಣ್ಣ-ತಮ್ಮಂದಿರು ಮೊಣಕೈಯಿಂದ ಒಡೆಯಬೇಕು. ಗಗನ್ ಮೂರು ದಿನ ಮುಂಚೆಯೇ ಬಾಗಿಲಲ್ಲಿ ಕೂತು ಚಪಾತಿ ಹಿಟ್ಟಿನ ಉಂಡೆಯ ಮೇಲೆ ಅಭ್ಯಾಸ ಮಾಡುವುದು ಆ ಕಂತು. 12ರ ಕಂತಿನಲ್ಲಿ ಹಬ್ಬ ಹಿನ್ನೆಲೆಯಲ್ಲಿ ಮಾತ್ರ, ಮುಂದಿರುವುದು ಬೀಗದ ಕೈ. ಅದನ್ನು ಆಗಸ್ಟ್ 25ಕ್ಕೆ ನೋಡಿದವರಿಗೂ ರುಚಿ ಕೆಡುವುದಿಲ್ಲ.

ಹಾಳೆ ಸರಿಯಾಗಿ ನಡೆಯುತ್ತಿದೆಯೇ ಎಂದು ಎರಡನೇ ವಾರದ ಕೊನೆಗೆ ಅಂಕಿಗಳಲ್ಲಿ ನೋಡಬಹುದು. ಆದರೆ ವಿಡಿಯೊ ಕೆಳಗೆ ಕಾಣುವ ದೊಡ್ಡ ವ್ಯೂಸ್ ಸಂಖ್ಯೆಯನ್ನು ನಂಬುವಂತಿಲ್ಲ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದ ಪ್ರತಿ ಸಲವನ್ನೂ ಯೂಟ್ಯೂಬ್ ಒಂದು ವ್ಯೂ ಎಂದು ಎಣಿಸುತ್ತದೆ. ಎಷ್ಟು ಹೊತ್ತು ನೋಡಿದರು ಎಂಬ ಕಟ್ಟುಪಾಡಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಎಂಗೇಜ್ಡ್ ವ್ಯೂಸ್ ಎಂಬ ಬೇರೆ ಅಂಕಿ ಇದೆ, ಎಷ್ಟು ಜನ ನೋಡಿದರು, ಎಷ್ಟು ಜನ ಜಾರಿಸಿ ಹೋದರು ಎಂಬ ಪ್ರಮಾಣವಿದೆ, ಯಾವ ಸೆಕೆಂಡಿಗೆ ಬಿಟ್ಟುಹೋದರು ಎಂಬ ಗೆರೆಯಿದೆ. ಬುಧವಾರದ ಕಂತುಗಳನ್ನು ಬುಧವಾರದ ಜೊತೆ, ಶುಕ್ರವಾರದವನ್ನು ಶುಕ್ರವಾರದ ಜೊತೆ ಹೋಲಿಸಬೇಕು. ಶುಕ್ರವಾರಗಳು ನಿಂತಲ್ಲೇ ನಿಂತು ಬುಧವಾರಗಳು ಮಾತ್ರ ಇಳಿಯುತ್ತಾ ಹೋದರೆ, ಮತ್ತು ಗೆರೆ ಮೊದಲ ನಾಲ್ಕೈದು ಸೆಕೆಂಡಿನಲ್ಲೇ ಕುಸಿದರೆ, ಹೊಸಬರಿಗೆ ಕಥೆ ತಿಳಿಯುತ್ತಿಲ್ಲ ಎಂದರ್ಥ. ಆಗ ಕಥೆ ಮುಟ್ಟಬೇಕಿಲ್ಲ. ಮುಂದಿನ ಬುಧವಾರದ ಕಂತಿನ ಮೊದಲ ಶಾಟನ್ನು ಮತ್ತೆ ಎಡಿಟ್ ಮಾಡಿ ಕೀ ಮತ್ತು ಕೆಂಪು ದಾರವನ್ನು ಮುಂದೆ ತರಬೇಕು. ಗೆರೆ ಮಧ್ಯದಲ್ಲಿ ಕುಸಿದರೆ ದೋಷ ಬೇರೆ: ಮಾತು ಹೆಚ್ಚಾಗಿದೆ. "ಹಿಂದಿನ ಭಾಗ ಎಲ್ಲಿ?" ಎಂಬ ಕಮೆಂಟುಗಳು ಬರುತ್ತಿದ್ದರೆ ಅದು ಒಳ್ಳೆಯ ಲಕ್ಷಣ, ಜನಕ್ಕೆ ಬೇಕಾಗಿದೆ. ಅವರಿಗೆ ದಾರಿ ತೋರಿಸಲು ಒಂದು ಶಾರ್ಟ್ಸ್‌ನಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ರಿಲೇಟೆಡ್ ವಿಡಿಯೊ ಸೌಲಭ್ಯವಿದೆ. ಪ್ರತಿ ಬುಧವಾರದ ಕಂತಿಗೂ ಹಿಂದಿನ ಬುಧವಾರದ ಕೊಂಡಿ ಹಾಕುವ ಕೆಲಸವನ್ನೂ ಹಾಳೆಯಲ್ಲೇ ಬರೆದಿಡಬೇಕು, ಇಲ್ಲದಿದ್ದರೆ ಅದು ಮರೆತೇಹೋಗುತ್ತದೆ.

ಆಷಾಢ ಮುಗಿದ ಮಾರನೇ ದಿನ, ಆಗಸ್ಟ್ 13ಕ್ಕೆ ಶ್ರಾವಣ ಶುರು. ಚೈತ್ರಾ ಗಂಡನ ಮನೆಗೆ ವಾಪಸ್ಸಾಗಬೇಕು, 17ರ ಸೋಮವಾರ ನಾಗರ ಪಂಚಮಿ, ಆಮೇಲೆ ವರಮಹಾಲಕ್ಷ್ಮಿ. ಆ ಕಂತುಗಳ ಸ್ಕ್ರಿಪ್ಟು ಜುಲೈ 20ರೊಳಗೆ, ಶೂಟಿಂಗ್ ಆಗಸ್ಟ್ 2ರೊಳಗೆ ಮುಗಿದಿರಬೇಕು. ಒಂದು ತಿಂಗಳ ಕಂತುಗಳು ಹೋಗುತ್ತಿರುವಾಗಲೇ ಇನ್ನೊಂದು ತಿಂಗಳಿನವು ತಯಾರಾಗುತ್ತಿರುತ್ತವೆ. ವಾರಕ್ಕೆ ಮೂರು ಕಂತು ಹಾಕುವ ಐದು ಜನರ ತಂಡಕ್ಕೆ ಇದಕ್ಕಿಂತ ಹೆಚ್ಚಿನ ಬಿಡುವು ಸಿಗುವುದಿಲ್ಲ. ಅಷ್ಟು ಕೈ ಇಲ್ಲದವರು ಶುಕ್ರವಾರ, ಭಾನುವಾರಗಳಲ್ಲಿ ಒಂದನ್ನು ಬಿಟ್ಟು ವಾರಕ್ಕೆ ಎರಡೇ ಹಾಕಲಿ, ಬುಧವಾರವನ್ನು ಮಾತ್ರ ಬಿಡದಿರಲಿ.